ಹಪ್ಪಳದ ಮೇಲೆ ಮೂಡಿದ ಅಲೆ

ಹಸಿ ಉದ್ದಿನ ಹಪ್ಪಳವನ್ನು ಮೈಕ್ರೋವೇವ್ ಒಲೆಯೊಳಗೆ ತಿರುಗದಂತೆ ಇಟ್ಟು ಅರ್ಧ ನಿಮಿಷ ಬಿಸಿ ಮಾಡಿ ನೋಡಿ. ಅದು ಎಲ್ಲ ಕಡೆ ಒಂದೇ ಸಮ ಅರಳುವುದಿಲ್ಲ. ಅಲ್ಲಲ್ಲಿ ನಾಣ್ಯದಗಲ ಜಾಗ ಬೆಳ್ಳಗೆ ಉಬ್ಬಿರುತ್ತದೆ. ಎರಡು ಬೆರಳು ಆಚೆ ಸರಿದರೆ ಹಪ್ಪಳ ಇನ್ನೂ ಹಸಿಯಾಗಿ, ಬಾಗಿಸಿದರೆ ಬಾಗುವಂತೆಯೇ ಇರುತ್ತದೆ. ಒಲೆ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಬರಿಗಣ್ಣಿಗೆ ಕಾಣದ ಅಲೆಯೊಂದು ಎಲ್ಲಿ ಜೋರಾಗಿತ್ತು, ಎಲ್ಲಿ ಸೊರಗಿತ್ತು ಎಂಬುದು ಹಪ್ಪಳದ ಮೇಲೆ ಅಚ್ಚಾಗಿದೆ, ಅಷ್ಟೆ.

ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಒಂದೇ ಲಯದಲ್ಲಿ ಆಡಿಸಿ. ಕೈಯಿಂದ ಹೊರಟ ಅಲೆ ಸರಳಿಗೆ ಬಡಿದು ಹಿಂದಿರುಗಿ, ಎದುರು ಬರುವ ಅಲೆಯ ಜೊತೆ ಬೆರೆಯುತ್ತದೆ. ಲಯ ಸರಿಹೊಂದಿದಾಗ ಹಗ್ಗದ ಕೆಲವು ಜಾಗಗಳು ಅಲ್ಲಾಡದೆ ನಿಂತುಬಿಡುತ್ತವೆ, ಅವುಗಳ ನಡುವಿನ ಭಾಗ ಹೊಟ್ಟೆಯಂತೆ ಉಬ್ಬಿ ಕುಣಿಯುತ್ತದೆ. ಇದೇ ಸ್ಥಾಯಿ ತರಂಗ. ಒಲೆಯ ಲೋಹದ ಗೋಡೆಗಳು ಕಿಟಕಿಯ ಸರಳಿನ ಕೆಲಸ ಮಾಡುತ್ತವೆ. ಮ್ಯಾಗ್ನೆಟ್ರಾನ್ ಎಂಬ ಕೊಳವೆ ಹೊರಡಿಸಿದ ಅಲೆ ಗೋಡೆಯಿಂದ ಗೋಡೆಗೆ ಪುಟಿದು ತನ್ನೊಂದಿಗೆ ತಾನೇ ಬೆರೆತು, ಪೆಟ್ಟಿಗೆಯೊಳಗೆ ಉಬ್ಬುಗಳನ್ನೂ ನಿಶ್ಚಲ ಜಾಗಗಳನ್ನೂ ಉಂಟುಮಾಡುತ್ತದೆ. ಉಬ್ಬಿದ್ದಲ್ಲಿ ಹಪ್ಪಳದ ತೇವ ಕಾಯುತ್ತದೆ, ನಿಶ್ಚಲವಾಗಿದ್ದಲ್ಲಿ ತಣ್ಣಗಿರುತ್ತದೆ.

ಅಲೆ ಒಂದು ಸುತ್ತು ಮುಗಿಸುವಷ್ಟರಲ್ಲಿ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಉಬ್ಬುತ್ತದೆ. ಎರಡೂ ಉಬ್ಬುಗಳು ಒಂದೇ ರೀತಿ ಕಾಯಿಸುತ್ತವೆ. ಹಾಗಾಗಿ ಅಕ್ಕಪಕ್ಕದ ಎರಡು ಬಿಳಿ ಕಲೆಗಳ ನಡುವಿನ ದೂರ ಇಡೀ ತರಂಗಾಂತರವಲ್ಲ, ಅದರ ಅರ್ಧ. ಇದನ್ನು ಮರೆತು ಅಳೆದ ದೂರವನ್ನೇ ತರಂಗಾಂತರ ಎಂದು ಬರೆಯುವವರು ಬಹಳ.

ನಾನು ಮಾಡಿದ್ದು ಹೀಗೆ. ಗಾಜಿನ ತಟ್ಟೆಯನ್ನೂ ಅದರಡಿಯ ಚಕ್ರದ ಬಳೆಯನ್ನೂ ತೆಗೆದೆ. ತಿರುಗುವ ಮೊಳೆಗೆ ತಾಗದಂತೆ ಒಂದು ಅಗಲವಾದ ರಟ್ಟಿನ ಡಬ್ಬಿಯನ್ನು ಬೋರಲು ಹಾಕಿ, ಮೇಲೆ ನಾಲ್ಕು ಹಪ್ಪಳಗಳನ್ನು ಅಂಚಿಗೆ ಅಂಚು ಸೇರಿಸಿ ಹಾಸಿದೆ. ಗಾಜಿನ ಬಾಗಿಲಿನಿಂದ ನೋಡುತ್ತಾ ನಿಂತು, ಕಲೆಗಳು ಮೂಡಿದ ಕೂಡಲೇ ನಿಲ್ಲಿಸಿದೆ. ತಡಮಾಡಿದರೆ ಕಲೆಗಳು ಹರಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಇನ್ನೂ ತಡವಾದರೆ ಹಪ್ಪಳ ಹೊತ್ತುತ್ತದೆ. ಚಾಕೊಲೇಟ್ ಬಿಲ್ಲೆಯಲ್ಲೂ ಇದನ್ನು ಮಾಡಬಹುದು. ಆದರೆ ಕರಗಿದ ಚಾಕೊಲೇಟು ಹರಿಯುತ್ತದೆ, ಹಪ್ಪಳದ ಕಲೆ ಇದ್ದಲ್ಲೇ ಇರುತ್ತದೆ.

ಒಲೆಯ ಗೋಡೆಗೆ ಸಮನಾಗಿ ಸಾಲುಗಟ್ಟಿದ್ದ ಕಲೆಗಳ ನಡುವಿನ ದೂರವನ್ನು ಮಧ್ಯದಿಂದ ಮಧ್ಯಕ್ಕೆ ಅಳೆದಾಗ 6.3, 6.6, 5.8, 6.4 ಸೆಂ.ಮೀ. ಬಂತು. ಸರಾಸರಿ ಸುಮಾರು 6.3, ಅದರ ಎರಡರಷ್ಟು 12.6 ಸೆಂ.ಮೀ. ಇದು ಸರಿಯೇ ಎಂದು ಪರೀಕ್ಷಿಸಲು ಒಲೆಯ ಹಿಂಬದಿಯ ಚೀಟಿ ನೋಡಿದರೆ ಸಾಕು. ಅಲ್ಲಿ 2450 MHz ಎಂದಿರುತ್ತದೆ, ಅಂದರೆ ಸೆಕೆಂಡಿಗೆ 245 ಕೋಟಿ ಕಂಪನ. ಬೆಳಕಿನಂತೆಯೇ ಈ ಅಲೆಯೂ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ., ಅಂದರೆ 3,000 ಕೋಟಿ ಸೆಂ.ಮೀ. ಸಾಗುತ್ತದೆ. 3,000ವನ್ನು 245ರಿಂದ ಭಾಗಿಸಿದರೆ 12.2 ಸೆಂ.ಮೀ.

ಉತ್ತರ ಹತ್ತಿರ ಬಂತೆಂದು ಹಿಗ್ಗುವ ಮೊದಲು ಒಂದು ಮಾತು ಹೇಳಲೇಬೇಕು. ಅದೇ ಹಪ್ಪಳಗಳ ಮೇಲೆ ಸಾಲಿಗೆ ಸೇರದ ಕಲೆಗಳೂ ಇದ್ದವು. ಒಂದು ಜೋಡಿಯ ದೂರ 4.2, ಇನ್ನೊಂದರದ್ದು 8.7 ಸೆಂ.ಮೀ. ಹಗ್ಗದಲ್ಲಿ ಅಲೆಗೆ ಒಂದೇ ದಾರಿ; ಪೆಟ್ಟಿಗೆಯಲ್ಲಿ ಉದ್ದ, ಅಗಲ, ಎತ್ತರ ಮೂರೂ ಇವೆ. ಅಲೆ ಗೋಡೆಗೆ ಓರೆಯಾಗಿ ಸಾಗಿದರೆ ಗೋಡೆಯುದ್ದಕ್ಕೂ ಬೀಳುವ ಉಬ್ಬುಗಳ ಅಂತರ ಅರ್ಧ ತರಂಗಾಂತರಕ್ಕಿಂತ ಹಿಗ್ಗುತ್ತದೆ. ಉದಾಹರಣೆಗೆ 32 ಸೆಂ.ಮೀ. ಅಗಲದ ಒಲೆಯಲ್ಲಿ ಗೋಡೆಯಿಂದ ಗೋಡೆಗೆ ಐದು ಉಬ್ಬುಗಳು ಹಿಡಿದರೆ ಅಂತರ 6.4, ನಾಲ್ಕೇ ಹಿಡಿದರೆ 8. ಇಂಥ ಹಲವು ವಿನ್ಯಾಸಗಳು ಒಟ್ಟಿಗೇ ಇದ್ದು ಒಂದರ ಮೇಲೊಂದು ಬಿದ್ದಾಗ ನಿರೀಕ್ಷೆಗಿಂತ ಹತ್ತಿರದ ಕಲೆಗಳೂ ಮೂಡುತ್ತವೆ.

ಜೊತೆಗೆ ಕಲೆಯೇ ಎರಡು ಸೆಂ.ಮೀ. ಅಗಲವಿರುವಾಗ ಅದರ ನಡುಮಧ್ಯ ಯಾವುದೆಂದು ಗುರುತಿಸುವುದರಲ್ಲಿ ಅರ್ಧ ಸೆಂ.ಮೀ. ತಪ್ಪುವುದು ಸಹಜ. ಎರಡರಿಂದ ಗುಣಿಸಿದಾಗ ಆ ತಪ್ಪು ಒಂದು ಸೆಂ.ಮೀ. ಆಗುತ್ತದೆ. ಆದ್ದರಿಂದ ನನ್ನ ಉತ್ತರವನ್ನು ಹನ್ನೊಂದೂವರೆಯಿಂದ ಹದಿಮೂರೂವರೆಯೊಳಗೆ ಎಂದು ಬರೆಯುವುದೇ ನ್ಯಾಯ. 12.2ಕ್ಕೆ ಹೊಂದುವ ಜೋಡಿಗಳನ್ನಷ್ಟೇ ಆರಿಸಿಕೊಂಡರೆ ಅದು ಅಳತೆಯಲ್ಲ. ಎಲ್ಲ ಕಲೆಗಳನ್ನೂ ಕಾಗದದ ಮೇಲೆ ಗುರುತಿಸಿ, ಅಳೆಯುವ ಮೊದಲೇ ಸಾಲುಗಳನ್ನು ಆರಿಸಿಕೊಳ್ಳಬೇಕು.

ಬಿಸಿ ಒಂದೇ ಕಡೆ ಬೀಳದಿರಲೆಂದೇ ಒಲೆಯಲ್ಲಿ ತಟ್ಟೆ ತಿರುಗುವುದು. ಆದರೆ ತಟ್ಟೆ ಎಷ್ಟು ತಿರುಗಿದರೂ ಅದರ ನಡುಬಿಂದು ಇದ್ದಲ್ಲೇ ಇರುತ್ತದೆ. ನನ್ನ ಒಲೆಯಲ್ಲಿ ಆ ಜಾಗದ ಹಪ್ಪಳ ಹಸಿಯಾಗಿಯೇ ಉಳಿದಿತ್ತು. ಈಗ ಸಾರಿನ ಬಟ್ಟಲನ್ನು ನಡುವೆ ಇಡುವುದಿಲ್ಲ, ತಟ್ಟೆಯ ಅಂಚಿಗೆ ಇಡುತ್ತೇನೆ.