ಮಂಗಳವಾರದ ಖರ್ಚಿಗೆ ಮಂಗಳವಾರವೇ ಅಳತೆ

ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು 2024ರ ಏಪ್ರಿಲ್‌ನಲ್ಲಿ ಬರೆದ ಅನುಭವ ಕ್ಲೌಡ್ ಬಳಸುವವರನ್ನೆಲ್ಲ ಬೆಚ್ಚಿಬೀಳಿಸಿತ್ತು. ಅಮೆಜಾನಿನ ಎಡಬ್ಲ್ಯುಎಸ್ ಕ್ಲೌಡ್‌ನಲ್ಲಿ ಪರೀಕ್ಷೆಗೆಂದು ಅವರು ಒಂದು ಖಾಸಗಿ ‘ಬಕೆಟ್’ ತೆರೆದಿದ್ದರು. ಬಕೆಟ್ ಎಂದರೆ ಕಡತಗಳನ್ನು ಇಡುವ ಜಾಗ. ಅದರಲ್ಲಿ ಹಾಕಿದ್ದು ಕೆಲವೇ ಕಡತಗಳನ್ನು. ಎರಡು ದಿನ ಬಿಟ್ಟು ನೋಡಿದರೆ ಬಿಲ್ 1,300 ಡಾಲರ್ ದಾಟಿತ್ತು!

ಜನಪ್ರಿಯ ತಂತ್ರಾಂಶವೊಂದು ತನ್ನ ಬ್ಯಾಕಪ್ ಇಡಲು ಮೊದಲೇ ಬರೆದಿಟ್ಟುಕೊಂಡಿದ್ದ ಬಕೆಟ್ ಹೆಸರನ್ನೇ ಅವರೂ ಕಾಕತಾಳೀಯವಾಗಿ ಇಟ್ಟಿದ್ದರು. ಆ ತಂತ್ರಾಂಶ ಹಾಕಿಕೊಂಡ ಎಲ್ಲೆಲ್ಲಿಯದೋ ಕಂಪ್ಯೂಟರುಗಳು ಒಂದೇ ದಿನದಲ್ಲಿ ಸುಮಾರು 10 ಕೋಟಿ ಸಲ ಈ ಬಕೆಟ್ಟಿನ ಬಾಗಿಲು ಬಡಿದವು. ಬಾಗಿಲು ತೆರೆಯಲಿಲ್ಲ ನಿಜ, ಆದರೆ ಬಡಿದದ್ದಕ್ಕೂ ಶುಲ್ಕ ಬಿತ್ತು. ಎಡಬ್ಲ್ಯುಎಸ್ ಆ ಬಿಲ್ಲನ್ನು ಮನ್ನಾ ಮಾಡಿತು. ಮುಂದಿನ ತಿಂಗಳೇ ಹೊರಗಿನವರ ಇಂಥ ತಿರಸ್ಕೃತ ಕೋರಿಕೆಗಳಿಗೆ ಶುಲ್ಕ ನಿಲ್ಲಿಸಿತು.

ಆ ಬಾಗಿಲೇನೋ ಮುಚ್ಚಿತು. ಖರ್ಚು ಏಕಾಏಕಿ ಏರುವ ದಾರಿಗಳು ಇನ್ನೂ ಬೇಕಾದಷ್ಟಿವೆ.

ಬಹಳ ಮಂದಿ ತಿಂಗಳ ಬಜೆಟ್ ಎಚ್ಚರಿಕೆಯೊಂದನ್ನು ಹಾಕಿ ನಿಶ್ಚಿಂತರಾಗುತ್ತಾರೆ. ಅದು ಸಾಲದು. ಆನ್‌ಲೈನ್ ಅಂಗಡಿಯೊಂದಕ್ಕೆ ವಾರದ ದಿನಗಳಲ್ಲಿ ದಿನಕ್ಕೆ 800 ರೂಪಾಯಿ, ಭಾನುವಾರ 1,500 ರೂಪಾಯಿ ಕ್ಲೌಡ್ ಖರ್ಚು ಎಂದುಕೊಳ್ಳೋಣ. ಬಜೆಟ್ 30,000. ತಿಂಗಳ ಮೊದಲ ಮಂಗಳವಾರ ಖರ್ಚು 2,400ಕ್ಕೆ ಜಿಗಿದು ಅಲ್ಲೇ ನಿಂತರೂ ಬಜೆಟ್ ಮಿತಿ ಮುಟ್ಟಲು ಹತ್ತು ದಿನವಾದರೂ ಬೇಕು. ಅಷ್ಟರಲ್ಲಿ ಹಣ ಹೋಗಿರುತ್ತದೆ.

ಹೀಗಾಗಿ ದಿನದ ಖರ್ಚನ್ನು ಅದೇ ವಾರದ ಹಿಂದಿನ ಖರ್ಚುಗಳೊಂದಿಗೆ ಹೋಲಿಸಬೇಕು. ಕಳೆದ ಆರೇಳು ಮಂಗಳವಾರಗಳ ಮೊತ್ತವನ್ನು ಏರಿಕೆಯ ಕ್ರಮದಲ್ಲಿ ಬರೆದು ನಡುವಿನದನ್ನು ಹಿಡಿಯುವುದು ಸರಳ ಉಪಾಯ. ಸರಾಸರಿ ತೆಗೆದರೆ ಹಿಂದಿನ ಒಂದು ವಿಪರೀತ ದಿನವೂ ಲೆಕ್ಕ ಕೆಡಿಸುತ್ತದೆ. ಈ ಅಳತೆಯಲ್ಲಿ 2,400 ಮೂರು ಪಟ್ಟು, ಎಚ್ಚರಿಕೆ ಹೋಗಲೇಬೇಕು. ಭಾನುವಾರದ 1,550ಕ್ಕೆ ಯಾರನ್ನೂ ಎಬ್ಬಿಸಬೇಕಿಲ್ಲ. ಹತ್ತು ರೂಪಾಯಿಯ ಸೇವೆ ಮೂವತ್ತಾದರೂ ಮೂರು ಪಟ್ಟೇ. ಆದ್ದರಿಂದ ಪಟ್ಟಿನ ಜೊತೆಗೆ ‘ಕನಿಷ್ಠ ಇಷ್ಟು ರೂಪಾಯಿ ಹೆಚ್ಚಿರಬೇಕು’ ಎಂಬ ಷರತ್ತೂ ಇರಲಿ. ಸುಳ್ಳು ಎಚ್ಚರಿಕೆ ಪದೇ ಪದೇ ಬಂದರೆ ನಿಜವಾದದ್ದನ್ನೂ ಯಾರೂ ತೆರೆದು ನೋಡುವುದಿಲ್ಲ.

ಎಡಬ್ಲ್ಯುಎಸ್‌ನಲ್ಲಿ ಇಂಥ ಕಾವಲಿಗೆ ‘ಕಾಸ್ಟ್ ಅನಾಮಲಿ ಡಿಟೆಕ್ಷನ್’ ಎಂಬ ಉಚಿತ ಸೌಲಭ್ಯವಿದೆ. ಅದಕ್ಕೂ ಮಿತಿಯಿದೆ. ಬಿಲ್ಲಿನ ಮಾಹಿತಿಯೇ ಒಂದು ದಿನದವರೆಗೂ ತಡವಾಗಿ ಸಿಗುವುದರಿಂದ ಒಂದೇ ರಾತ್ರಿಯ ಸ್ಫೋಟವನ್ನು ಅದು ಮುಗಿದ ಮೇಲಷ್ಟೇ ಹೇಳೀತು. ಸ್ವಲ್ಪ ಸ್ವಲ್ಪವೇ ಏರುವ ಖರ್ಚಂತೂ ಕ್ರಮೇಣ ‘ಮಾಮೂಲಿ’ಯಾಗಿ ತಪ್ಪಿಸಿಕೊಳ್ಳುತ್ತದೆ, ಅದನ್ನು ಹಿಡಿಯಲು ಬಜೆಟ್ ಎಚ್ಚರಿಕೆಯೇ ಬೇಕು. ಇವೆರಡೂ ಸುದ್ದಿ ಮುಟ್ಟಿಸುತ್ತವೆಯೇ ಹೊರತು ತಾವಾಗಿ ಸರ್ವರ್ ನಿಲ್ಲಿಸುವುದಿಲ್ಲ.

ಕ್ಲೌಡ್ ಖಾತೆ ಇರುವವರು ಇವತ್ತೇ ಒಂದು ಕೆಲಸ ಮಾಡಲಿ: ಎಚ್ಚರಿಕೆಯ ಇಮೇಲ್ ಯಾರಿಗೆ ಹೋಗುತ್ತಿದೆ ಎಂದು ನೋಡಲಿ. ಖಾತೆ ತೆರೆದುಕೊಟ್ಟು ಎಂದೋ ಕೆಲಸ ಬಿಟ್ಟವರ ವಿಳಾಸ ಅಲ್ಲಿದ್ದರೆ, ಹಣ ಕಟ್ಟುವವರ ವಿಳಾಸ ಹಾಕಿಸಲಿ.