ಇಪ್ಪತ್ತು ಎಣಿಸಿದ್ದು ಹತ್ತೊಂಬತ್ತಾದಾಗ

ವಿಜ್ಞಾನ ಓದಿದವರಿಗೆ ಪಿಯುಸಿ ಲ್ಯಾಬಿನ ಸರಳ ಲೋಲಕ ನೆನಪಿರುತ್ತದೆ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಿಬಿಡುವುದು, 20 ಆಂದೋಲನಕ್ಕೆ ಹಿಡಿದ ಸಮಯವನ್ನು ಸ್ಟಾಪ್‌ವಾಚಿನಲ್ಲಿ ನೋಡುವುದು, ಅದರಿಂದ ಗುರುತ್ವ ವೇಗೋತ್ಕರ್ಷ ಲೆಕ್ಕ ಹಾಕುವುದು. ಬೆಂಗಳೂರಿನ ಲ್ಯಾಬೊಂದರಲ್ಲಿ ಒಂದು ಮೀಟರ್ ಉದ್ದದ ಲೋಲಕಕ್ಕೆ ಐದು ರೀಡಿಂಗ್ ಹೀಗೆ ಬಂದವೆನ್ನಿ: 40.2, 40.5, 40.1, 40.4, 40.3 ಸೆಕೆಂಡ್.

ಕೂಡಿದರೆ 201.5, ಐದರಿಂದ ಭಾಗಿಸಿದರೆ ಸರಾಸರಿ 40.3. ಬೆರಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಗುಂಡಿ ಒತ್ತುತ್ತದೆ. ಸರಾಸರಿಯಲ್ಲಿ ಈ ಹೆಚ್ಚುಕಡಿಮೆ ಬಹುಪಾಲು ಸರಿದೂಗುತ್ತದೆ. 20ರಿಂದ ಭಾಗಿಸಿದರೆ ಒಂದು ಆಂದೋಲನದ ಅವಧಿ T = 2.015 ಸೆಕೆಂಡ್. g = 4π²L/T² ಸೂತ್ರಕ್ಕೆ ಹಾಕಿದರೆ ಉತ್ತರ 9.72.

ಇದನ್ನು ಯಾವುದಕ್ಕೆ ಹೋಲಿಸಬೇಕು? ಹೆಚ್ಚಿನವರು ಪುಸ್ತಕದ 9.81 ತೆಗೆದುಕೊಂಡು ಶೇ. 0.9 ದೋಷ ಎಂದು ಬರೆಯುತ್ತಾರೆ. ಆದರೆ ಸಮಭಾಜಕಕ್ಕೆ ಹತ್ತಿರವಿರುವ, ಎತ್ತರದ ಬೆಂಗಳೂರಿನಲ್ಲಿ ಅದರ ಬೆಲೆ ಸುಮಾರು 9.78. ವ್ಯತ್ಯಾಸ 0.06, ಅದನ್ನು 9.78ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ದೋಷ ಶೇ. 0.6. ಭಾಗಿಸಬೇಕಾದದ್ದು ನಿಜವಾದ ಬೆಲೆಯಿಂದ, ನಮಗೆ ಬಂದ ಉತ್ತರದಿಂದಲ್ಲ.

ಇನ್ನು ಎರರ್ ಬಾರ್. ಐದು ರೀಡಿಂಗ್‌ಗಳಲ್ಲಿ ಅತಿ ಹೆಚ್ಚು 40.5, ಅತಿ ಕಡಿಮೆ 40.1. ಅಂತರದ ಅರ್ಧ 0.2 ಸೆಕೆಂಡ್, ಒಂದು ಆಂದೋಲನಕ್ಕೆ 0.01. ಗ್ರಾಫಿನಲ್ಲಿ ಗುರುತಿಸುವುದು T² ಆದ್ದರಿಂದ ಈ 0.01ನ್ನು 2T ಯಿಂದ ಗುಣಿಸಬೇಕು: ಸುಮಾರು 0.04. ಹಾಗಾಗಿ 4.06ರಲ್ಲಿ ಚುಕ್ಕಿಯಿಟ್ಟು, 4.02ರಿಂದ 4.10ರವರೆಗೆ ಸಣ್ಣ ನಿಲುಗೆರೆ ಎಳೆದು, ಎರಡೂ ತುದಿಗೆ ಅಡ್ಡಗೆರೆ ಹಾಕುವುದು. ಒಂದು ಸೆಂಟಿಮೀಟರಿಗೆ 0.25ರ ಸ್ಕೇಲ್ ಹಿಡಿದರೆ ಅದರ ಎತ್ತರ ಮೂರು ಮಿಲಿಮೀಟರು, ಅಷ್ಟೇ. ಬೇರೆ ಬೇರೆ ಉದ್ದಗಳಿಗೂ ಹೀಗೆಯೇ ಮಾಡಿ, ಈ ಗೆರೆಗಳೊಳಗೆ ಹಾಯುವಂತೆ ನೇರ ರೇಖೆ ಎಳೆಯಬೇಕು.

ಚಿಕ್ಕ ಎರರ್ ಬಾರ್ ಕಂಡು ಪ್ರಯೋಗ ಚೆನ್ನಾಗಿ ಬಂತೆಂದು ನಂಬುವವರೇ ಹೆಚ್ಚು. ನನಗೆ ಮುಖ್ಯವೆನಿಸುವುದು ಇಲ್ಲಿನ ಅಪಾಯ. ಸ್ಟಾಪ್‌ವಾಚ್ ಒತ್ತುವಾಗಲೇ ‘ಒಂದು’ ಎಂದು ಎಣಿಕೆ ಶುರುಮಾಡಿದರೆ, ‘ಇಪ್ಪತ್ತು’ ಎನ್ನುವ ಹೊತ್ತಿಗೆ ಆಗಿರುವುದು 19 ಆಂದೋಲನ. ಸಮಯ 38.3 ಸೆಕೆಂಡ್, ಉತ್ತರ 10.8ರ ಹತ್ತಿರ, ದೋಷ ಶೇ. 10. ಐದೂ ಸಲ ಹಾಗೆಯೇ ಎಣಿಸಿದವರ ರೀಡಿಂಗ್‌ಗಳು ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ಎರರ್ ಬಾರ್ ಅಷ್ಟೇ ಚಿಕ್ಕದಾಗಿರುತ್ತದೆ. ಎಲ್ಲ ಉದ್ದಗಳಲ್ಲೂ ತಪ್ಪು ಒಂದೇ ಪ್ರಮಾಣದಲ್ಲಿರುವುದರಿಂದ ರೇಖೆಯೂ ನೇರವಾಗಿ ಮೂಲಬಿಂದುವಿನಿಂದಲೇ ಹೊರಡುತ್ತದೆ. ಗ್ರಾಫ್ ಇದನ್ನು ಹಿಡಿದುಕೊಡಲಾರದು. ಸರಾಸರಿಯೂ ಹಿಡಿಯದು.

ಸುಳಿವು ಕೊಡುವುದು ಶೇಕಡಾ ದೋಷ ಮಾತ್ರ. ಎರರ್ ಬಾರ್ ಶೇ. 1ರಷ್ಟಿದ್ದು ದೋಷ ಶೇ. 10 ಬಂದರೆ ಅದು ಬೆರಳಿನ ತಪ್ಪಲ್ಲ. ಆಗ ಅಂಕಿ ತಿದ್ದಬಾರದು. ಹಳೆಯ ರೀಡಿಂಗ್‌ಗಳನ್ನು ರೆಕಾರ್ಡಿನಲ್ಲಿ ಹಾಗೆಯೇ ಉಳಿಸಿ, ಗುಂಡು ನಡುಗೆರೆ ದಾಟುವಾಗ ‘ಸೊನ್ನೆ’ ಎಂದು ಎಣಿಕೆ ಹಿಡಿದು ಮತ್ತೆ ಅಳೆಯಬೇಕು.