ತುವೆ, ದಿಹೆ, ಕಿಸೆ: ಸ್ಪ್ಯಾನಿಷ್ ಭೂತಕಾಲದ ಅಕ್ರಮ ಪ್ರಕೃತಿಗಳೂ ಕನ್ನಡಿಗರ ಕಲಿಕೆಯೂ

ಸಾರಾಂಶ: ಸ್ಪ್ಯಾನಿಷ್ ಭಾಷೆಯ ಅಕ್ರಮ ಭೂತರೂಪಗಳಲ್ಲಿ ನೆನಪಿಡಬೇಕಾದದ್ದು ಪ್ರಕೃತಿಯೊಂದೇ. ಈ ಪ್ರಕೃತಿಗಳು ಒಂದಕ್ಕೊಂದು ಪ್ರಾಸವಾಗುವಂತೆ ಗುಂಪುಗೂಡಿರುವುದಕ್ಕೆ ಚಾರಿತ್ರಿಕ ಕಾರಣವಿದೆಯೆಂದು ಈ ಲೇಖನ ವಿವರಿಸುತ್ತದೆ.

1. ಕನ್ನಡದ ನೆಲೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಮಾತಿನಲ್ಲಿ ‘ಬಂದೆನು’ ಎಂಬುದು ‘ಬಂದ್ನಿ’ ಎಂದೂ ‘ಕೊಟ್ಟೆನು’ ಎಂಬುದು ‘ಕೊಟ್ನಿ’ ಎಂದೂ ಕೇಳಿಬರುತ್ತದೆ. ಪುರುಷಪ್ರತ್ಯಯ ಬೇರೆಯಾದರೂ ‘ಬರು’ ಧಾತುವಿಗೆ ‘ಬಂದ್’, ‘ಕೊಡು’ ಧಾತುವಿಗೆ ‘ಕೊಟ್ಟ್’ ಎಂಬ ಭೂತಪ್ರಕೃತಿ ಗ್ರಂಥಸ್ಥ ಭಾಷೆಯದೇ. ಕೊಡು, ಬಿಡು, ಇಡು, ಸುಡು ಎಂಬ ಹ್ರಸ್ವಸ್ವರದ ಧಾತುಗಳು ಕೊಟ್ಟ, ಬಿಟ್ಟ, ಇಟ್ಟ, ಸುಟ್ಟ ಎಂದು ಒಂದೇ ಅಚ್ಚಿನಲ್ಲಿ ನಡೆಯುತ್ತವೆ. ದೀರ್ಘಸ್ವರದ ಮಾಡು, ನೋಡು ಧಾತುಗಳು ಮಾಡಿದ, ನೋಡಿದ ಎಂದಾಗುತ್ತವೆ. ಅಕ್ರಮವೆನಿಸುವುದೂ ಗುಂಪಾಗಿ ನಡೆಯುತ್ತದೆಂಬ ಈ ಅರಿವೇ ಸ್ಪ್ಯಾನಿಷ್ ಕಲಿಯುವ ಕನ್ನಡಿಗನ ಬಂಡವಾಳ.

2. ಮೂರು ಗುಂಪುಗಳು

ಮೊದಲನೆಯದು ಉಕಾರದ ಗುಂಪು: ತೆನೆರ್ (ಹೊಂದಿರು) ಧಾತುವಿಗೆ ತುವೆ, ಎಸ್ತಾರ್ (ಇರು) ಧಾತುವಿಗೆ ಎಸ್ತುವೆ, ಪೊದೆರ್ (ಶಕ್ತನಾಗು) ಧಾತುವಿಗೆ ಪುದೆ. ಎರಡನೆಯದು ಇಕಾರದ್ದು: ಕೆರೆರ್ (ಬಯಸು) ಧಾತುವಿಗೆ ಕಿಸೆ, ವೆನಿರ್ (ಬರು) ಧಾತುವಿಗೆ ವಿನೆ. ಮೂರನೆಯದರಲ್ಲಿ ಪ್ರಕೃತಿಯ ಕೊನೆಗೆ ಹಕಾರವನ್ನು ಹೋಲುವ ಘರ್ಷಧ್ವನಿ ಇರುತ್ತದೆ: ದೆಸಿರ್ (ಹೇಳು) ಧಾತುವಿಗೆ ದಿಹೆ, ತ್ರಾಎರ್ (ತರು) ಧಾತುವಿಗೆ ತ್ರಾಹೆ.

ಪ್ರತ್ಯಯಗಳು ಮೂರಕ್ಕೂ ಬಹುತೇಕ ಒಂದೇ: ತುವೆ, ತುವಿಸ್ತೆ, ತುವೊ, ತುವಿಮೊಸ್, ತುವಿಸ್ತೇಯ್ಸ್, ತುವಿಯೆರೊನ್. ಮೂರನೆಯ ಗುಂಪಿನ ಪ್ರಥಮಪುರುಷ ಬಹುವಚನವೊಂದು ಮಾತ್ರ ಭಿನ್ನ. ಅಲ್ಲಿ ‘ದಿಹಿಯೆರೊನ್’ ಅಲ್ಲ, ‘ದಿಹೆರೊನ್’. ಹಳೆಯ ಸ್ಪ್ಯಾನಿಷ್‌ನಲ್ಲಿ ಆ ಧ್ವನಿ ಶಕಾರದಂಥ ತಾಲವ್ಯವಾಗಿದ್ದು, ಮುಂದಿನ ಯಕಾರವನ್ನು ತನ್ನಲ್ಲಿ ಅಡಗಿಸಿಕೊಂಡಿತು.

3. ಪ್ರಾಸದ ಚರಿತ್ರೆ

ದಿಹೆ ಲ್ಯಾಟಿನ್ನಿನ ‘ದೀಕ್ಸಿ’ ರೂಪದಿಂದ ನೇರವಾಗಿ ಇಳಿದುಬಂದದ್ದು. ತುವೆ ಹಾಗಲ್ಲ; ಲ್ಯಾಟಿನ್ನಿನ ‘ತೆನುಇ’ ಧ್ವನಿನಿಯಮದಂತೆ ತುವೆ ಆಗಲಾರದು. ‘ಹಬುಇ’ಯಿಂದ ಬಂದ ಹಳೆಯ ‘ಓವೆ’ಯ ಸಾದೃಶ್ಯದಿಂದ ‘ತೋವೆ’ ಹುಟ್ಟಿ, ಮುಂದೆ ಇವೆರಡೂ ಉವೆ, ತುವೆ ಎಂದಾದವು. ಎಸ್ತುವೆ, ಅನ್ದುವೆ (ನಡೆದೆನು) ರೂಪಗಳೂ ಇದೇ ಗುಂಪಿಗೆ ಸೇರಿಕೊಂಡವು. ವಿದ್ಯಾರ್ಥಿ ಇಂದು ಮಾಡುವ ಪ್ರಾಸಬಂಧವನ್ನು ಆ ಭಾಷಿಕರು ಶತಮಾನಗಳ ಹಿಂದೆಯೇ ಮಾಡಿದ್ದರು.

4. ತಪ್ಪಿನ ಗುರುತು

ಕ್ರಮಧಾತುಗಳ ಉತ್ತಮಪುರುಷ ಏಕವಚನದಲ್ಲಿ ಆಘಾತ ಕೊನೆಯ ಅಕ್ಷರದ ಮೇಲೆ ಬೀಳುತ್ತದೆ (ಅಬ್ಲೇ, ‘ಮಾತಾಡಿದೆನು’). ತುವೆ, ಕಿಸೆಗಳಲ್ಲಿ ಪ್ರಕೃತಿಯ ಮೇಲೆ. ‘ತುವೇ’ ಎಂದು ಕೊನೆಯನ್ನು ಒತ್ತುವವನು ಪ್ರಕೃತಿಯನ್ನು ಕಲಿತಿದ್ದರೂ ಅದಕ್ಕೆ ಕ್ರಮಧಾತುವಿನ ಪ್ರತ್ಯಯವನ್ನು ಹಚ್ಚಿದ್ದಾನೆ. ಉತ್ತರ ಕರ್ನಾಟಕದವರು ಜೇಬಿಗೆ ಹೇಳುವ ‘ಕಿಸೆ’ಯನ್ನು ನೆನೆದು ಮೊದಲಕ್ಷರವನ್ನು ಒತ್ತಿದರೆ ಉಚ್ಚಾರ ಸರಿಹೋಗುತ್ತದೆ.

ಈ ಕ್ರಮಕ್ಕೆ ಮಿತಿಯೂ ಇದೆ. ಯಾವ ಧಾತು ಯಾವ ಗುಂಪಿನದೆಂಬುದನ್ನು ಧಾತುರೂಪ ತಿಳಿಸುವುದಿಲ್ಲ. ‘ಬೀಳು’ ಧಾತುವಿಗೆ ‘ಬಿದ್ದ’ ಎಂದಾದರೂ ‘ಹೇಳು’ ಧಾತುವಿಗೆ ‘ಹೇಳಿದ’ ಎಂದೇ ಆಗುವಂತೆ, ಕೆರೆರ್ ಧಾತುವಿಗೆ ಕಿಸೆ ಎಂದಾದರೂ ಅದರೊಡನೆ ಪ್ರಾಸವಾಗುವ ಕೊರ್ರೆರ್ (ಓಡು) ಧಾತುವಿಗೆ ಕ್ರಮರೂಪವಾದ ‘ಕೊರ್ರೀ’ಯೇ. ಗುಂಪಿನ ಸದಸ್ಯತ್ವವನ್ನು ಒಂದೊಂದು ಧಾತುವಿಗೂ ಬಾಯಿಪಾಠ ಮಾಡಲೇಬೇಕು. ಉಳಿದ ಐದು ರೂಪಗಳು ತಾವಾಗಿಯೇ ಒದಗುತ್ತವೆ.